ಅದ್ಯಾರವ್ವ ಈ ಸತೀಸ?

ಐದನೇ ಸೆಮಿಸ್ಟರಿನ ಇಂಟರ್ನಲ್ಸ್ ಹತ್ತಿರವಿತ್ತು. ಚಾಮರಾಜನಗರದ ಹಾಸ್ಟೆಲಿನಲ್ಲಿ ಓದುತ್ತಾ ಕೂತಿದ್ದಾಗ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಿಂದ ದೊಡ್ಡಪ್ಪ ಫೋನ್ ಮಾಡಿದರು. ‘ಕೂಸೇ, ಬೆಂಗಳೂರು ಹೈಕೋರ್ಟಿನ ಕಾಗದ ಬಂದದೆ. ಪೂರಾ ಇಂಗ್ಲೀಸು. ಶನಿವಾರ ಬಂದು ಓದಿ ಹೇಳು’ ಎಂದರು. ಅಷ್ಟು ಹೇಳಿ ಸುಮ್ಮನಾದರು. ಫೋನ್ ಮಾತ್ರ ಇಡಲಿಲ್ಲ.

ಆ ಕಾಗದ ಅಣ್ಣನ ಕೇಸಿನದು. ಕೆಲವು ವರ್ಷಗಳ ಹಿಂದೆ ಊಟಿ ರಸ್ತೆಯ ಬದಿಯಲ್ಲಿ ನಿಂತಿದ್ದ ದೊಡ್ಡಪ್ಪನ ಮಗನ ಮೇಲೆ ತರಕಾರಿ ತುಂಬಿದ್ದ ಗೂಡ್ಸ್ ಗಾಡಿಯೊಂದು ರಸ್ತೆ ಬಿಟ್ಟು ಬಂದು ಮಗುಚಿಬಿತ್ತು. ಕೆಳಗಿನ ಎರಡು ಕೋರ್ಟುಗಳು ಚಾಲಕನಿಗೆ ಶಿಕ್ಷೆ ಹೇಳಿದ್ದವು. ಆ ಎರಡೂ ತೀರ್ಪು ಕನ್ನಡದಲ್ಲಿದ್ದವು. ದೊಡ್ಡಪ್ಪ ಅವನ್ನು ಯಾರ ಯಾರ ಕೈಲೋ ಓದಿಸಿ ಓದಿಸಿ ಹೆಚ್ಚು ಕಡಿಮೆ ಬಾಯಿಪಾಠ ಮಾಡಿಕೊಂಡಿದ್ದರು. ಆದರೆ ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್. ಕೇಸು ಬೆಂಗಳೂರು ಸೇರಿದ ಮೇಲೆ ನಮ್ಮ ಮನೆಯ ಸಾವಿನ ಕತೆ ನಮಗೇ ಓದಲು ಬಾರದಂತಾಯಿತು.

ಶನಿವಾರ ಹೋದೆ. ಹನ್ನೊಂದು ಪುಟದ ಆದೇಶ. ಕೊನೆಯ ಪುಟ ಓದಿದೊಡನೆ ಅರ್ಥವಾಯಿತು, ಚಾಲಕನಿಗೆ ಖುಲಾಸೆಯಾಗಿದೆ. ಹೇಳಿದೆ. ದೊಡ್ಡಮ್ಮ ಎದ್ದು ಒಳಗೆ ಹೋದರು. ದೊಡ್ಡಪ್ಪ ಮಾತ್ರ, ‘ಯಾಕೆ ಬುಟ್ರು ಅಂತ ಬರೆದಿರ್ತಾರಲ್ಲ, ಅದನ್ನ ಹೇಳು’ ಎಂದರು. ಪುಟಗಳನ್ನು ತಿರುವುತ್ತಿದ್ದಾಗ ನಡುವೆ ದಪ್ಪಕ್ಷರದಲ್ಲಿದ್ದ ಒಂದು ಹೆಸರನ್ನು ಕೂಡಿಸಿ ಓದಿದರು. ಅಷ್ಟು ಇಂಗ್ಲಿಷ್ ಅವರಿಗೆ ಬರುತ್ತದೆ. ‘ಅದ್ಯಾರವ್ವ ಈ ಸತೀಸ? ಗಾಡಿ ಓಡಿಸ್ತಿದ್ದವನ ಹೆಸರು ಸತೀಸ ಅಲ್ವಲ್ಲ! ಬೇರೆ ಯಾರದೋ ತೀರ್ಪು ನಮಗೆ ಕೊಟ್ಟವರೆ.’

ನನಗೂ ಉತ್ತರ ಗೊತ್ತಿರಲಿಲ್ಲ. ಹೆಸರಿನ ಮುಂದೆ ‘ಸುಪ್ರಾ’ ಎಂದು ಬೇರೆ ಇತ್ತು. ಅದು ಆ ಸತೀಶನ ಮನೆತನದ ಹೆಸರಿರಬೇಕು ಎಂದುಕೊಂಡೆ. ನಗಬೇಡಿ. ಸರ್ಕ್ಯೂಟ್ ಓದುವವಳಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು?

ಕಾರಣ ಹೇಳುವ ಮೂರು ಪುಟಗಳನ್ನಾದರೂ ಕನ್ನಡಕ್ಕೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡು ಹಾಸ್ಟೆಲಿಗೆ ಮರಳಿದೆ. ಒಂದು ರಾತ್ರಿಯ ಕೆಲಸ ಎಂದುಕೊಂಡಿದ್ದೆ, ಎರಡು ವಾರ ಹಿಡಿಯಿತು. ಚಾಮರಾಜನಗರದಲ್ಲಿ ನಮ್ಮ ಪರಿಹಾರದ ಕೇಸು ನಡೆಸುತ್ತಿರುವ ವಕೀಲೆ ಮೇಡಂ ಸಂಜೆ ಹೊತ್ತು ಕೂರಿಸಿಕೊಂಡು ತಿದ್ದಿಕೊಟ್ಟರು.

ಮೇಡಂ ಮೊದಲು ಬಿಡಿಸಿದ್ದು ಸತೀಶನ ಗಂಟನ್ನು. ನ್ಯಾಯಾಧೀಶರು ತಮ್ಮ ಮಾತಿಗೆ ಬೆಂಬಲವಾಗಿ ಹಳೆಯ ತೀರ್ಪುಗಳನ್ನು ತೋರಿಸುತ್ತಾರೆ. ಸತೀಶ ಅಂಥ ಒಂದು ಹಳೆಯ ಕೇಸಿನ ಆರೋಪಿ, ಅದೂ ನಮ್ಮ ಕರ್ನಾಟಕದ್ದೇ. 1982ರ ನವೆಂಬರಿನಲ್ಲಿ ಜನರನ್ನು ತುಂಬಿಕೊಂಡಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿ 15 ಜನ ಸತ್ತಿದ್ದರು. ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟವು, ಹೈಕೋರ್ಟು ಬಿಟ್ಟಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಅದೇ ‘ಸ್ಟೇಟ್ ಆಫ್ ಕರ್ನಾಟಕ ವಿರುದ್ಧ ಸತೀಶ್’. ಅದರ ವಿಳಾಸ (1998) 8 SCC 493. ಸುಪ್ರೀಂ ಕೋರ್ಟ್ ಕೇಸಸ್ ಎಂಬ ವರದಿ ಪುಸ್ತಕದ 1998ನೇ ಸಾಲಿನ ಎಂಟನೇ ಸಂಪುಟದಲ್ಲಿ 493ನೇ ಪುಟ ಎಂದು ಅರ್ಥ. ‘ಸುಪ್ರಾ’ ಎಂದರೆ ಲ್ಯಾಟಿನ್‌ನಲ್ಲಿ ‘ಮೇಲೆ’. ಈ ಕೇಸಿನ ಪೂರ್ತಿ ವಿಳಾಸ ಆಗಲೇ ಮೇಲೆ ಬಂದಿದೆ, ಅಲ್ಲಿ ನೋಡಿ ಎಂಬ ಸನ್ನೆ. ಮನೆತನದ ಹೆಸರೂ ಅಲ್ಲ, ಎಂಥದೂ ಅಲ್ಲ.

ನಾನು ಆ ವಿಳಾಸವನ್ನೂ ಕನ್ನಡ ಮಾಡಿ ‘ಸ.ನ್ಯಾ.ಪ್ರ.’ ಎಂದೇನೋ ಬರೆದಿದ್ದೆ. ಮೇಡಂ ಅದಕ್ಕೆ ಅಡ್ಡಗೆರೆ ಎಳೆದರು. ‘ನಾಳೆ ನಿಮ್ಮ ದೊಡ್ಡಪ್ಪ ಈ ಹಾಳೆ ಹಿಡಿದು ಇನ್ನೊಬ್ಬ ವಕೀಲರ ಹತ್ತಿರ ಹೋಗ್ತಾರೆ ಅಂದುಕೋ. ಆ ವಕೀಲರು ಕಂಪ್ಯೂಟರಿನಲ್ಲಿ ಏನಂತ ಹುಡುಕಬೇಕು? ವಿಳಾಸವನ್ನು ಅನುವಾದ ಮಾಡಿದರೆ ಕಾಗದ ತಲುಪಲ್ಲ’ ಎಂದರು. ಹಾಗಾಗಿ ಹೆಸರು, ‘ವಿರುದ್ಧ’ ಎಂಬ ಪದ ಕನ್ನಡದಲ್ಲಿ, ವರ್ಷ, ಸಂಪುಟ, ಪುಸ್ತಕ, ಪುಟ ಇದ್ದದ್ದು ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಎಂದು ಗೊತ್ತುಮಾಡಿಕೊಂಡೆವು.

ವಿಳಾಸದಲ್ಲಿ ಇನ್ನೊಂದು ಮೋಸವಿದೆ. ನಮ್ಮ ಆದೇಶದಲ್ಲಿ ಸೈಯದ್ ಅಕ್ಬರ್ ಎಂಬ ಬಸ್ ಚಾಲಕನ ಕೇಸೂ ಬಂದಿತ್ತು. ಒಂದು ಪುಟದಲ್ಲಿ AIR 1979 SC 1848 ಎಂದಿತ್ತು. ಮುಂದಿನ ಪುಟದಲ್ಲಿ (1980) 1 SCC 30 ಎಂದಿತ್ತು. ವರ್ಷ ಬೇರೆ, ಪುಟ ಬೇರೆ. ಎರಡು ಕೇಸು ಎಂದುಕೊಂಡು ನಾನು ‘ಈ ಎರಡೂ ತೀರ್ಪುಗಳಲ್ಲಿ’ ಎಂದು ಬರೆದುಬಿಟ್ಟಿದ್ದೆ. ಆದರೆ ಅವು ಒಂದೇ ತೀರ್ಪಿನ ಎರಡು ವಿಳಾಸ. ತೀರ್ಪು ಬಂದದ್ದು 1979ರಲ್ಲಿ. ಆಲ್ ಇಂಡಿಯಾ ರಿಪೋರ್ಟರ್ ಅದನ್ನು ಅದೇ ವರ್ಷದ ಸಂಪುಟದಲ್ಲಿ ಅಚ್ಚು ಹಾಕಿತು, ಇನ್ನೊಂದು ಪುಸ್ತಕ 1980ರ ಸಂಪುಟದಲ್ಲಿ ಹಾಕಿತು. ವಿಳಾಸದ ವರ್ಷ ಪುಸ್ತಕದ ವರ್ಷ, ತೀರ್ಪಿನ ವರ್ಷವೇ ಆಗಿರಬೇಕೆಂದಿಲ್ಲ. ಗೊತ್ತಾಗುವುದು ಹೇಗೆಂದರೆ ಕಕ್ಷಿಗಾರರ ಹೆಸರು ಮತ್ತು ತೀರ್ಪಿನ ತಾರೀಖು ನೋಡಬೇಕು. ಅವೆರಡೂ ಒಂದೇ ಆದರೆ ಕೇಸೂ ಒಂದೇ. ನನ್ನ ಒಂದು ‘ಎರಡೂ’ ಪದದಿಂದ ನಮ್ಮ ವಿರುದ್ಧ ಇಲ್ಲದ ಒಂದು ತೀರ್ಪು ಹೆಚ್ಚಾಗಿ ಹುಟ್ಟಿಕೊಂಡಿತ್ತು.

ಇವೆಲ್ಲ ಹೊರಗಿನ ಮುಳ್ಳುಗಳು. ಒಳಗಿನದು ಸತೀಶ್ ತೀರ್ಪಿನ ಒಂದು ಸಣ್ಣ ಪ್ಯಾರಾ. ನಮ್ಮ ಹೈಕೋರ್ಟ್ ಆದೇಶ ಅದನ್ನೇ ಎತ್ತಿ ಬರೆದು ಅದರ ಮೇಲೆ ನಿಂತಿತ್ತು. ಅದರ ಮೊದಲ ವಾಕ್ಯವನ್ನು ನಾನು ಹೀಗೆ ಅನುವಾದಿಸಿದ್ದೆ: ‘ಲಾರಿಯನ್ನು ಅತಿವೇಗವಾಗಿ ಓಡಿಸುತ್ತಿದ್ದುದು ಅಜಾಗರೂಕತೆಯನ್ನಾಗಲಿ ಅತಿವೇಗವನ್ನಾಗಲಿ ತೋರಿಸುವುದಿಲ್ಲ.’

ಬರೆದ ಮೇಲೆ ನಾನೇ ಎರಡು ಸಲ ಓದಿಕೊಂಡೆ. ಅತಿವೇಗ ಅತಿವೇಗವನ್ನು ತೋರಿಸುವುದಿಲ್ಲ! ಸುಪ್ರೀಂ ಕೋರ್ಟು ಇಂಥ ಮಾತು ಆಡಿರಲು ಸಾಧ್ಯವೇ?

ತಪ್ಪು ಎಲ್ಲಿತ್ತೆಂದರೆ, ನಾನು ಶಬ್ದಗಳನ್ನು ನಮ್ಮದೇ ಕೇಸಿನ ಹಳೆಯ ಕನ್ನಡ ಕಾಗದಗಳಿಂದ ತೆಗೆದುಕೊಂಡಿದ್ದೆ. ಯಾವ ಅಪಘಾತದ ದೂರು ನೋಡಿದರೂ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂಬ ಸಾಲು ಇರುತ್ತದೆ. ಪೇಪರಿನಲ್ಲೂ ಅದೇ ಬರುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಆ ಜಾಗದಲ್ಲಿರುವುದು ‘ರ‍್ಯಾಶ್’ ಮತ್ತು ‘ನೆಗ್ಲಿಜೆಂಟ್’. ರೂಢಿಯಲ್ಲಿ ‘ರ‍್ಯಾಶ್’ ಹೋಗಿ ‘ಅತಿವೇಗ’ ಬಂದು ಕೂತಿದೆ. ಆದರೆ ‘ರ‍್ಯಾಶ್’ ಎಂಬುದು ವೇಗದ ಹೆಸರಲ್ಲ. ಅಪಾಯವಾದೀತು ಎಂದು ಗೊತ್ತಿದ್ದೂ ಆಗಿದ್ದಾಗಲಿ ಎಂದು ನುಗ್ಗುವ ಮನಸ್ಸಿನ ಹೆಸರು. ಅದಕ್ಕೆ ನಮ್ಮಲ್ಲಿ ‘ದುಡುಕು’ ಎಂಬ ಒಳ್ಳೆಯ ಪದವಿದೆ. ‘ನೆಗ್ಲಿಜೆನ್ಸ್’ ಎಂದರೆ ವಹಿಸಬೇಕಾದ ಎಚ್ಚರ ವಹಿಸದಿರುವುದು, ನಿರ್ಲಕ್ಷ್ಯ. ಇಪ್ಪತ್ತು ಕಿಲೋಮೀಟರ್ ವೇಗದಲ್ಲೂ ದುಡುಕಬಹುದು, ತಿರುವಿನಲ್ಲಿ ಎದುರು ಕಾಣದೆ ಓವರ್‌ಟೇಕ್ ಮಾಡುವವನ ಹಾಗೆ. ಖಾಲಿ ಹೆದ್ದಾರಿಯಲ್ಲಿ ದುಡುಕಿಲ್ಲದೆಯೂ ಜೋರಾಗಿ ಹೋಗಬಹುದು. ಸುಪ್ರೀಂ ಕೋರ್ಟು ಬಿಡಿಸಿ ಇಟ್ಟದ್ದು ಈ ಎರಡನ್ನೇ. ನಮ್ಮ ರೂಢಿಯ ಕನ್ನಡ ಅವನ್ನು ಮತ್ತೆ ಒಂದಾಗಿ ಅಂಟಿಸಿತ್ತು.

ತಿದ್ದಿದ ವಾಕ್ಯ: ‘ಲಾರಿಯನ್ನು ಹೆಚ್ಚು ವೇಗದಲ್ಲಿ ಓಡಿಸುತ್ತಿದ್ದ ಮಾತ್ರಕ್ಕೇ ನಿರ್ಲಕ್ಷ್ಯವಿತ್ತು ಎಂದಾಗಲಿ ದುಡುಕಿತ್ತು ಎಂದಾಗಲಿ ಆಗುವುದಿಲ್ಲ.’

ಈ ‘ಮಾತ್ರಕ್ಕೇ’ ಎಂಬ ಪದ ಬಂದದ್ದಕ್ಕೂ ಒಂದು ಕತೆಯಿದೆ. ಮೇಡಂ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಅನುವಾದವನ್ನು ಇಂಗ್ಲಿಷ್ ನೋಡದವರಿಗೆ ಓದಿ ಹೇಳಬೇಕು, ಆಮೇಲೆ ಅವರಿಂದಲೇ ಅದನ್ನು ತಿರುಗಿ ಹೇಳಿಸಬೇಕು. ಅವರು ಏನು ಹೇಳುತ್ತಾರೋ ಅದೇ ನಮ್ಮ ಅನುವಾದ, ನಾವು ಬರೆದದ್ದಲ್ಲ. ಫೋನಿನಲ್ಲಿ ದೊಡ್ಡಪ್ಪನಿಗೆ ನನ್ನ ಒಂದು ಕರಡು ಓದಿದ್ದೆ. ಅವರು ತಿರುಗಿ ಹೇಳಿದ್ದು: ‘ಜೋರಾಗಿ ಓಡ್ಸೋದು ತಪ್ಪಲ್ಲ ಅಂತ ಕೋರ್ಟು ಹೇಳದೆ.’ ಕೋರ್ಟು ಹಾಗೆ ಹೇಳಿಲ್ಲ. ಅಷ್ಟೇ ಸಾಲದು ಎಂದು ಹೇಳಿದೆ. ಆ ‘ಅಷ್ಟೇ’ ನನ್ನ ಕರಡಿನಲ್ಲಿ ಇರಲಿಲ್ಲ. ಮಗ ಸತ್ತ ಮನೆಯಲ್ಲಿ ಆ ಎರಡು ಮಾತಿನ ನಡುವಿನ ಅಂತರ ದೊಡ್ಡದು.

ಮುಂದಿನ ವಾಕ್ಯಗಳು ನನ್ನಂಥ ಇಂಜಿನಿಯರಿಂಗ್ ಹುಡುಗಿಗೆ ಸುಲಭವಾದವು. ಹೆಚ್ಚು ವೇಗ ಎಂಬುದು ಸಾಪೇಕ್ಷ ಪದ, ಸಾಕ್ಷಿಗಳು ಎಷ್ಟು ಎಂದು ಅಂದಾಜಿಗೂ ಹೇಳಲಿಲ್ಲ, ಆ ಸಂದರ್ಭದಲ್ಲಿ ಎಷ್ಟಾದರೆ ಹೆಚ್ಚು ಎಂದು ತೋರಿಸಬೇಕಾದದ್ದು ಪ್ರಾಸಿಕ್ಯೂಷನ್ ಎಂಬುದು ಅವುಗಳ ಸಾರ. ‘ಸಾಪೇಕ್ಷ’ ದೊಡ್ಡಪ್ಪನಿಗೆ ತಿಳಿಯುವುದಿಲ್ಲ. ‘ಯಾವುದಕ್ಕೆ ಹೋಲಿಸಿ ಎಂದು ಹೇಳದೆ ಅರ್ಥವಾಗದ ಮಾತು’ ಎಂದು ಬಿಡಿಸಿ ಬರೆದೆ. ಶಾಲೆಯ ಮುಂದೆ ನಲವತ್ತು ಹೆಚ್ಚು, ಹೆದ್ದಾರಿಯಲ್ಲಿ ನಲವತ್ತು ಕಡಿಮೆ. ನಮ್ಮ ಕೇಸಿನಲ್ಲೂ ಸಾಕ್ಷಿಗಳೆಲ್ಲ ‘ಬಲು ಜೋರಾಗಿ ಬಂತು’ ಎಂದಿದ್ದರು. ಬ್ರೇಕಿನ ಗುರುತು ಎಷ್ಟು ಮೀಟರ್ ಇತ್ತು, ಗಾಡಿಯಲ್ಲಿ ಎಷ್ಟು ಭಾರ ಇತ್ತು ಎಂಬ ಲೆಕ್ಕ ಕಡತದಲ್ಲಿ ಬಂದಿರಲಿಲ್ಲ. ತೀರ್ಪಿನಲ್ಲಿರುವ ‘ಮೆಟೀರಿಯಲ್’ ಎಂಬ ಪದಕ್ಕೆ ಅರ್ಥ ಇದು. ನಾನು ಮೊದಲು ಅದನ್ನು ‘ಸಾಮಗ್ರಿ’ ಎಂದು ಬರೆದಿದ್ದೆ. ದೊಡ್ಡಪ್ಪ ಅದನ್ನು ಗಾಡಿಯಲ್ಲಿದ್ದ ತರಕಾರಿ ಎಂದುಕೊಂಡರು! ಆಮೇಲೆ ‘ಆಧಾರ’ ಎಂದು ಮಾಡಿದೆ.

ಕೊನೆಗೆ ಆ ಲ್ಯಾಟಿನ್ ಸಾಲು: ರೆಸ್ ಇಪ್ಸಾ ಲೊಕ್ವಿಟರ್. ಪದಕ್ಕೆ ಪದ ಇಟ್ಟರೆ ‘ಸಂಗತಿ ತಾನೇ ಮಾತಾಡುತ್ತದೆ’. ಇದು ಎಲ್ಲಿಂದ ಬಂತು ಎಂದು ಮೇಡಂ ಹೇಳಿದರು. 1863ರಲ್ಲಿ ಇಂಗ್ಲೆಂಡಿನಲ್ಲಿ ಬರ್ನ್ ಮತ್ತು ಬೋಡಲ್ ಎಂಬಿಬ್ಬರ ನಡುವೆ ಒಂದು ಕೇಸು ನಡೆಯಿತು. ಬೀದಿಯಲ್ಲಿ ಹೋಗುತ್ತಿದ್ದವನ ಮೇಲೆ ಹಿಟ್ಟಿನ ವ್ಯಾಪಾರಿಯ ಮಹಡಿಯಿಂದ ಒಂದು ಹಿಟ್ಟಿನ ಪೀಪಾಯಿ ಬಿತ್ತು. ಹೇಗೆ ಬಿತ್ತು ಎಂದು ಕಂಡವರಿಲ್ಲ. ಆದರೆ ಪೀಪಾಯಿ ಸುಮ್ಮಸುಮ್ಮನೆ ಮಹಡಿಯಿಂದ ಬೀಳುವುದಿಲ್ಲ. ಅದು ವ್ಯಾಪಾರಿಯ ವಶದಲ್ಲಿದ್ದ ವಸ್ತು. ಹಾಗಾಗಿ ತನ್ನ ತಪ್ಪಿಲ್ಲ ಎಂದು ಅವನೇ ತೋರಿಸಲಿ ಎಂದಿತು ಕೋರ್ಟು.

ಕೇಳುತ್ತಿದ್ದ ಹಾಗೆ ನನಗೆ ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ನಮ್ಮ ಗಾದೆ ಹೊಳೆಯಿತು. ಲ್ಯಾಟಿನ್ ಜಾಗದಲ್ಲಿ ಗಾದೆಯನ್ನೇ ಇಟ್ಟರೆ ಎಷ್ಟು ಚೆಂದ! ಮೇಡಂ ಒಪ್ಪಲಿಲ್ಲ. ಗಾದೆ ಹೇಳುವುದು ಸಂಶಯವೇ ಇಲ್ಲ ಎಂದು. ಲ್ಯಾಟಿನ್ ಸಾಲು ಅಷ್ಟು ದೂರ ಹೋಗುವುದಿಲ್ಲ. ಘಟನೆಯ ರೀತಿ ನೋಡಿ ನಿರ್ಲಕ್ಷ್ಯ ಇದ್ದಿರಬಹುದೆಂದು ಊಹಿಸಲು ಜಾಗ ಕೊಡುತ್ತದೆ ಅಷ್ಟೆ, ಎದುರಿನವನು ಅದನ್ನು ಅಲ್ಲಗಳೆಯಬಹುದು. ಮೇಲಾಗಿ ನಮ್ಮ ತೀರ್ಪು ಅದನ್ನು ಇಲ್ಲಿ ಬಳಸಲು ಬರುವುದಿಲ್ಲ ಎನ್ನುತ್ತಿದೆ. ಗಾದೆ ಇಟ್ಟರೆ ಕೋರ್ಟು ಕಣ್ಣೆದುರಿನ ಹುಣ್ಣನ್ನೇ ಕಾಣಲಿಲ್ಲ ಎಂದಾಗುತ್ತದೆ. ಕೊನೆಗೆ ಲ್ಯಾಟಿನ್ ಸಾಲನ್ನು ಕನ್ನಡ ಅಕ್ಷರದಲ್ಲಿ ಉಳಿಸಿಕೊಂಡು, ಪಕ್ಕದಲ್ಲೇ ಅರ್ಥ ಬರೆದು, ಹಾಳೆಯ ಕೆಳಗೆ ಎರಡು ಸಾಲು ವಿವರಣೆ ಹಾಕಿದೆವು. ವಾಕ್ಯ ಹೀಗೆ ನಿಂತಿತು: ‘ಕಡತದಲ್ಲಿ ಯಾವ ಆಧಾರವೂ ಇಲ್ಲದಿರುವಾಗ, ರೆಸ್ ಇಪ್ಸಾ ಲೊಕ್ವಿಟರ್, ಅಂದರೆ ಸಂಗತಿ ತಾನೇ ಮಾತಾಡುತ್ತದೆ ಎಂಬ ಸೂತ್ರವನ್ನು ಮುಂದಿಟ್ಟುಕೊಂಡು ದುಡುಕು ಅಥವಾ ನಿರ್ಲಕ್ಷ್ಯ ಇತ್ತೆಂದು ಭಾವಿಸಿಕೊಳ್ಳಲು ಬರುವುದಿಲ್ಲ.’

ಆ ಎರಡು ಸಾಲಿನ ವಿವರಣೆಯಲ್ಲೇ ನಮ್ಮ ಮನೆಗೆ ಬೇಕಾದದ್ದು ಇತ್ತು. ಖುಲಾಸೆಯ ಸುದ್ದಿ ಕೇಳಿದ ದಿನವೇ ದೊಡ್ಡಪ್ಪ, ಇನ್ನು ಚಾಮರಾಜನಗರದ ಪರಿಹಾರದ ಕೇಸಿಗೂ ಹೋಗುವುದಿಲ್ಲ ಎಂದು ಕೂತಿದ್ದರು. ‘ಅವನದು ತಪ್ಪಿಲ್ಲ ಅಂತ ದೊಡ್ಡ ಕೋರ್ಟೇ ಹೇಳಿದ ಮೇಲೆ ದುಡ್ಡು ಯಾರು ಕೊಟ್ಟಾರು? ಬಸ್ ಚಾರ್ಜು ದಂಡ.’ ಯಾರೋ ಅವರಿಗೆ ‘ಸಂಶಯದ ಲಾಭ’ ಎಂಬ ಮಾತನ್ನೂ ಹೇಳಿದ್ದರು. ‘ಲಾಭ ಅವನಿಗಂತೆ, ನಷ್ಟ ನಮಗಂತೆ’ ಎಂದು ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು.

ಆದರೆ ಎರಡು ಕೇಸಿನ ತಕ್ಕಡಿಯೇ ಬೇರೆ. ಚಾಲಕನ ಮೇಲಿನದು ದಂಡ ಸಂಹಿತೆಯ 304ಎ ಕಲಮಿನ ಕ್ರಿಮಿನಲ್ ಕೇಸು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 106ನೇ ಕಲಮು. ಅಲ್ಲಿ ಒಬ್ಬನನ್ನು ಜೈಲಿಗೆ ಕಳಿಸುವ ಪ್ರಶ್ನೆ ಇರುವುದರಿಂದ ಸಂಶಯ ಉಳಿಯದಷ್ಟು ಸಾಬೀತಾಗಬೇಕು. ಸಾಬೀತು ಮಾಡುವ ಹೊಣೆ ಪೂರ್ತಿ ಪ್ರಾಸಿಕ್ಯೂಷನ್ ಮೇಲೆ. ಆ ಹೊಣೆಯನ್ನು ಲ್ಯಾಟಿನ್ ಸೂತ್ರದ ಮೂಲಕ ಆರೋಪಿಯ ಹೆಗಲಿಗೆ ದಾಟಿಸಲಾಗದು ಎಂಬುದೇ ಸೈಯದ್ ಅಕ್ಬರ್ ತೀರ್ಪಿನ ಸಾರ. ಪರಿಹಾರದ ನ್ಯಾಯಮಂಡಳಿಯಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ. ಅಲ್ಲಿ ಎರಡು ಕಡೆಯಲ್ಲಿ ಯಾವುದು ಹೆಚ್ಚು ನಂಬುವಂತಿದೆ ಎಂದು ತೂಗುತ್ತಾರೆ. ಸಂಗತಿ ತಾನೇ ಮಾತಾಡುತ್ತದೆ ಎಂಬ ಸೂತ್ರಕ್ಕೂ ಅಲ್ಲಿ ಜಾಗವಿದೆ. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದ, ಆದ್ದರಿಂದ ಪರಿಹಾರವೂ ಇಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು 1980ರಲ್ಲೇ ಎನ್.ಕೆ.ವಿ. ಬ್ರದರ್ಸ್ ವಿರುದ್ಧ ಕರುಮಾಯಿ ಅಮ್ಮಾಳ್ ಕೇಸಿನಲ್ಲಿ ತಳ್ಳಿಹಾಕಿದೆ. ಬಸ್ಸಿಗೆ ಹೈಟೆನ್ಷನ್ ತಂತಿ ತಗುಲಿ ಜನ ಸತ್ತ ಕೇಸು ಅದು. ಶಿಕ್ಷೆ ಕೊಡಲು ಬೇಕಾದ ದುಡುಕು ಒಂದು ಮಟ್ಟದ್ದು, ಪರಿಹಾರಕ್ಕೆ ಬೇಕಾದ ನಿರ್ಲಕ್ಷ್ಯ ಅದಕ್ಕಿಂತ ಕೆಳಗಿನ ಮಟ್ಟದ್ದು ಎಂದು ಆ ತೀರ್ಪು ಬೇರ್ಪಡಿಸಿತು.

ಹಾಗಾಗಿ ಕೊನೆಯ ಪುಟದ ಅನುವಾದದಲ್ಲೂ ಒಂದು ಪದ ಬದಲಾಯಿತು. ನಾನು ‘ಚಾಲಕ ನಿರ್ದೋಷಿ ಎಂದು ತೀರ್ಮಾನಿಸಿ’ ಎಂದು ಬರೆದಿದ್ದೆ. ಮೂಲದಲ್ಲಿ ಹಾಗೆ ಇರಲಿಲ್ಲ. ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲ, ಆದ್ದರಿಂದ ಖುಲಾಸೆ ಎಂದಿತ್ತು. ಅವನು ತಪ್ಪು ಮಾಡಿಲ್ಲ ಎನ್ನುವುದು ಬೇರೆ, ಮಾಡಿದನೆಂದು ತೋರಿಸಲಾಗಲಿಲ್ಲ ಎನ್ನುವುದು ಬೇರೆ. ‘ಸಂಶಯದ ಲಾಭ’ವನ್ನೂ ತೆಗೆದು, ‘ಸಂಶಯ ಉಳಿದಿರುವುದರಿಂದ ಅದನ್ನು ಆರೋಪಿಯ ಪರವಾಗಿ ಎಣಿಸಿ’ ಎಂದು ಬರೆದೆವು. ಉದ್ದವಾಯಿತು, ಆದರೆ ಅದರಲ್ಲಿ ಯಾರಿಗೂ ಲಾಭವಿಲ್ಲ.

ಹಾಳೆಯ ತಲೆಯ ಮೇಲೆ ಮೇಡಂ ಒಂದು ಸಾಲು ಬರೆಸಿದರು: ‘ಇದು ಕಕ್ಷಿಗಾರರ ತಿಳಿವಳಿಕೆಗಾಗಿ ಮಾತ್ರ. ಇಂಗ್ಲಿಷ್ ಪ್ರತಿಯೇ ಅಧಿಕೃತ.’ ಸುಪ್ರೀಂ ಕೋರ್ಟಿನ ತೀರ್ಪುಗಳ ಕನ್ನಡ ಅನುವಾದಗಳಲ್ಲೂ ಇಂಥದೇ ಮಾತು ಇರುತ್ತದಂತೆ. ನನ್ನ ಹಾಳೆಯನ್ನು ಯಾವ ಕೋರ್ಟಿಗೂ ಹಾಕುವಂತಿಲ್ಲ. ಅಪೀಲಿಗೂ ಅರ್ಜಿಗೂ ಅದು ನಡೆಯುವುದಿಲ್ಲ. ಒಬ್ಬರಿಗೆ ತಮ್ಮ ಕೇಸಿನಲ್ಲಿ ಏನಾಯಿತು ಎಂದು ಗೊತ್ತಾಗುವುದಷ್ಟೇ ಅದರ ಕೆಲಸ.

ಮುಂದಿನ ಭಾನುವಾರ ಜಗಲಿಯಲ್ಲಿ ಕೂತು ಮೂರೂ ಪುಟ ಓದಿದೆ. ಈ ಸಲ ದೊಡ್ಡಮ್ಮನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಓದಿ ಮುಗಿದ ಮೇಲೆ ತಿರುಗಿ ಹೇಳಿ ಎಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಬೀಡಿ ಕಡೆಗೇ ನೋಡುತ್ತಿದ್ದು, ‘ಜೋರಾಗಿ ಬಂದ ಅಂದ್ರೆ ಸಾಲಲ್ಲ, ಎಷ್ಟು ಜೋರು ಅಂತ ಯಾರೂ ಹೇಳ್ನಿಲ್ಲ. ಅದುಕ್ಕೆ ಜೈಲಿಲ್ಲ. ಅವನು ಒಳ್ಳೇವನು ಅಂತ ಏನೂ ಬರೆದಿಲ್ಲ’ ಎಂದರು.

‘ಮತ್ತೆ ಸತೀಶ ಯಾರು?’ ಎಂದು ಕೇಳಿದೆ.

‘ಅವನೂ ಒಬ್ಬ ಡ್ರೈವರು. ಅವನ ಲಾರೀಲಿ ಹದಿನೈದು ಜನ ಹೋದ್ರು ಪಾಪ. ಅವರ ಮನೇವ್ರಿಗೆ ಇದನ್ನ ಯಾರು ಓದಿ ಹೇಳಿದ್ರೋ’ ಎಂದರು ದೊಡ್ಡಪ್ಪ.

ಆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ, ಅಣ್ಣನ ರೇಷನ್ ಕಾರ್ಡ್ ಜೆರಾಕ್ಸಿನ ಜೊತೆ ಇಟ್ಟುಕೊಂಡಿದ್ದಾರೆ. ಚಾಮರಾಜನಗರದ ಕೇಸು ಇನ್ನೂ ನಡೆಯುತ್ತಿದೆ, ಏನಾಗುತ್ತದೋ ಗೊತ್ತಿಲ್ಲ. ವಾಯಿದೆಯ ದಿನ ಮಾತ್ರ ಬೆಳಿಗ್ಗೆ ಎಂಟಕ್ಕೆಲ್ಲ ಗುಂಡ್ಲುಪೇಟೆಯಿಂದ ಬಸ್ ಹತ್ತಿಬಿಡುತ್ತಾರೆ. ಇಳಿದ ಮೇಲೆ ನನಗೊಂದು ಫೋನ್ ಬರುತ್ತದೆ. ‘ಬಂದೀನಿ ಕೂಸೇ. ನೀನು ಕ್ಲಾಸಿಗೆ ಹೋಗು.’